ರ‍್ಯಾಂಕ್, ಡಿಟರ್ಮಿನೆಂಟ್, ಇನ್ವರ್ಸ್, ಐಗನ್ ವ್ಯಾಲ್ಯೂ: ನಾಲ್ಕಕ್ಕೂ ಒಂದೇ ಪ್ರಶ್ನೆ
ಮೊದಲ ವರ್ಷದ ನೋಟ್ಸ್‌ನಲ್ಲಿ ಈ ನಾಲ್ಕನ್ನೂ ಬೇರೆ ಬೇರೆ ಪುಟದಲ್ಲಿ ಬರೆಯಬೇಡಿ. n×n ಮ್ಯಾಟ್ರಿಕ್ಸ್ A ಸಿಕ್ಕಾಗ ಒಂದೇ ಪ್ರಶ್ನೆ ಕೇಳಿ: ಸೊನ್ನೆಯಲ್ಲದ ಯಾವುದಾದರೂ v ಗೆ Av = 0 ಆಗುತ್ತದೆಯೇ? ಆಗುವುದಾದರೆ, Av = 0·v ಎಂದೇ ಅರ್ಥ, ಅಂದರೆ 0 ಒಂದು ಐಗನ್ ವ್ಯಾಲ್ಯೂ. v ಕೂಡ ಸೊನ್ನೆಗೆ ಹೋಗುತ್ತದೆ, 0 ಕೂಡ ಸೊನ್ನೆಗೇ ಹೋಗುತ್ತದೆ. ಹಿಂದಕ್ಕೆ ಬರುವ ದಾರಿ ಒಂದಲ್ಲ, ಹಾಗಾಗಿ ಇನ್ವರ್ಸ್ ಇಲ್ಲ. ಕಾಲಮ್‌ಗಳು ಒಂದನ್ನೊಂದು ಅವಲಂಬಿಸಿರುವುದರಿಂದ ರ‍್ಯಾಂಕ್ n ಗಿಂತ ಕಡಿಮೆ. ಐಗನ್ ವ್ಯಾಲ್ಯೂಗಳ ಗುಣಲಬ್ಧವೇ ಡಿಟರ್ಮಿನೆಂಟ್, ಆದ್ದರಿಂದ ಅದೂ 0. A = [[2, 4], [1, 2]] ನೋಡಿ: v = (2, −1) ಕೊಟ್ಟರೆ ಮೇಲಿನ ಸಾಲು 4 − 4, ಕೆಳಗಿನದು 2 − 2, ಎರಡೂ 0. ಕರ್ಣದ ಮೊತ್ತ 4, ಹಾಗಾಗಿ ಐಗನ್ ವ್ಯಾಲ್ಯೂಗಳು 0 ಮತ್ತು 4; ರ‍್ಯಾಂಕ್ 1. ಇಲ್ಲೇ ಹಲವರು ಎಡವುವುದು: ಸೊನ್ನೆಯಲ್ಲದ ಐಗನ್ ವ್ಯಾಲ್ಯೂ ಎಣಿಸಿದರೆ ರ‍್ಯಾಂಕ್ ಸಿಕ್ಕೇಬಿಡುತ್ತದೆ ಎಂದುಕೊಳ್ಳುತ್ತಾರೆ. [[0, 1], [0, 0]] ಗೆ ಎರಡೂ ಐಗನ್ ವ್ಯಾಲ್ಯೂ 0, ಆದರೂ ರ‍್ಯಾಂಕ್ 1. ಆ ಎಣಿಕೆಯನ್ನು ಸಿಮೆಟ್ರಿಕ್ ಆದ ರಿಯಲ್ ಮ್ಯಾಟ್ರಿಕ್ಸ್‌ಗೆ, ಅಥವಾ ಡಯಾಗನಲೈಸ್ ಆಗುವುದಕ್ಕೆ ಮಾತ್ರ ನಂಬಿ. ಉಳಿದದ್ದಕ್ಕೆ ರೋ ರಿಡಕ್ಷನ್ ಮಾಡಿ ಪಿವಟ್ ಎಣಿಸುವುದೇ ಸರಿ. ಚೌಕವಲ್ಲದ ಮ್ಯಾಟ್ರಿಕ್ಸ್‌ಗೆ ರ‍್ಯಾಂಕ್ ಒಂದೇ ಉಳಿಯುತ್ತದೆ, ಡಿಟರ್ಮಿನೆಂಟ್ ಮತ್ತು ಐಗನ್ ವ್ಯಾಲ್ಯೂ ಅಲ್ಲಿ ಇಲ್ಲವೇ ಇಲ್ಲ.