ಒಂದೇ ಟ್ರಾನ್ಸಿಸ್ಟರಿನಿಂದ ಪ್ರೀಆಂಪ್‌ನ ಗುಂಯ್ ಸದ್ದು ನಿಲ್ಲಿಸಿದ್ದು

ಎಲ್‌ಪಿ ರೆಕಾರ್ಡ್ ಕೇಳುವ ಪ್ರೀಆಂಪ್ ತುಂಬಾ ಸೂಕ್ಷ್ಮ. ಸೂಜಿಯ ಕಾರ್ಟ್ರಿಜ್‌ನಿಂದ ಬರುವುದೇ ಸುಮಾರು 5 ಮಿಲಿವೋಲ್ಟ್. ಅದನ್ನು ನೂರು ಪಟ್ಟು ಹಿಗ್ಗಿಸಬೇಕು. ಅಷ್ಟು ಹಿಗ್ಗಿಸುವ ಜಾಗಕ್ಕೆ ಸಪ್ಲೈನ ಡಿಸಿಯಲ್ಲಿ ಉಳಿದ ಏರಿಳಿತ, ಅಂದರೆ ರಿಪಲ್, ಸ್ವಲ್ಪ ನುಸುಳಿದರೂ ಸಾಕು, ಸ್ಪೀಕರಿನಲ್ಲಿ ಗುಂಯ್ ಅಂತ ಶುರು.

ನಾನು ಶಿರಸಿಯಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುತ್ತೇನೆ. ಕುಮಟಾ ಹತ್ತಿರದ ನಮ್ಮ ಭಾವನ ಮನೆಯಲ್ಲಿ ಹಳೇ ರೆಕಾರ್ಡ್ ಪ್ಲೇಯರ್ ಇದೆ, ಯಕ್ಷಗಾನದ ರೆಕಾರ್ಡುಗಳೂ ಇವೆ. ಅದಕ್ಕೊಂದು ಎರಡು ಟ್ರಾನ್ಸಿಸ್ಟರಿನ ಪ್ರೀಆಂಪ್ ಕಟ್ಟಿಕೊಟ್ಟಿದ್ದರು ಯಾರೋ. "ಭಾಗವತರು ಪದ ಎತ್ತೋ ಮುಂಚೆ ಇದೇ ಒಂದು ಶ್ರುತಿ ಹಿಡಿದು ಕೂತಿರ್ತದೆ ಮಾರಾಯ, ಅದೂ ಅವರ ಶ್ರುತಿಗೆ ಸೇರೋದಿಲ್ಲ" ಅಂದ ಭಾವ. ಹೌದು, 100 ಹರ್ಟ್ಸ್‌ನ ಸದ್ದು ಹಾಗೇ. ಚಂಡೆ ಬಾರಿಸುವಾಗ ಗೊತ್ತಾಗುವುದಿಲ್ಲ. ಏರುಪದದ ನಡುವೆ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಎದ್ದು ಕೇಳುತ್ತದೆ.

ಮೊದಲು ಈ ಸದ್ದು ಸಪ್ಲೈನದ್ದೇ ಹೌದಾ ಅಂತ ನೋಡಬೇಕು. ಇದನ್ನು ಬಿಟ್ಟು ಫಿಲ್ಟರ್ ಕಟ್ಟಲು ಕೂರಬೇಡಿ. ನಾನು ಮಾಡಿದ್ದು ಸುಲಭದ ಪರೀಕ್ಷೆ: ಟ್ರಾನ್ಸ್‌ಫಾರ್ಮರಿನ ತಂತಿ ಬಿಚ್ಚಿ, ಎರಡು 9 ವೋಲ್ಟ್ ಬ್ಯಾಟರಿ ಸರಣಿಯಲ್ಲಿ ಜೋಡಿಸಿ 18 ವೋಲ್ಟ್ ಕೊಟ್ಟೆ. ಗುಂಯ್ ಸದ್ದಿನ ಬಹುಪಾಲು ಹೋಯಿತು. ತೀರಾ ಸಣ್ಣ, ಇನ್ನೂ ದಪ್ಪ ಸ್ವರದ ಒಂದು ಸದ್ದು ಉಳಿಯಿತು. ಅದು 50 ಹರ್ಟ್ಸ್‌ನದ್ದು. ಪಕ್ಕದಲ್ಲಿದ್ದ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಕಾರ್ಟ್ರಿಜ್ ಹಿಡಿಯುತ್ತಿತ್ತು. ಪ್ಲೇಯರನ್ನು ಒಂದು ಮೊಳ ಆಚೆ ಸರಿಸಿದ ಮೇಲೆ ಅದೂ ಇಳಿಯಿತು. ಬ್ಯಾಟರಿ ಹಾಕಿದರೂ ಹೋಗದ ಸದ್ದಿಗೆ ನಾನು ಮುಂದೆ ಹೇಳುವ ಸರ್ಕ್ಯೂಟಿನಿಂದ ಏನೂ ಉಪಯೋಗವಿಲ್ಲ.

ಇನ್ನು ಲೆಕ್ಕ. 18 ವೋಲ್ಟಿನ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, 1000 ಮೈಕ್ರೊಫ್ಯಾರಡ್ ಕೆಪಾಸಿಟರ್. ಡಿಸಿ ಸುಮಾರು 25 ವೋಲ್ಟ್. ಎರಡೂ ಚಾನೆಲ್ ಸೇರಿ ಪ್ರೀಆಂಪ್ ಎಳೆಯುವುದು 20 ಮಿಲಿಆಂಪ್. ಬ್ರಿಡ್ಜ್ ಸೆಕೆಂಡಿಗೆ 100 ಸಲ ಕೆಪಾಸಿಟರ್ ತುಂಬುತ್ತದೆ. ಅಂದರೆ ಎರಡು ತುಂಬುವಿಕೆಗಳ ನಡುವೆ 10 ಮಿಲಿಸೆಕೆಂಡ್. ಆಗ ಇಳಿಯುವ ವೋಲ್ಟೇಜ್:

```
V = I × t / C = 0.02 × 0.01 / 0.001 = 0.2
```

0.2 ವೋಲ್ಟ್ ರಿಪಲ್. ಮೊದಲ ಟ್ರಾನ್ಸಿಸ್ಟರಿನ ಕಲೆಕ್ಟರ್ ರೆಸಿಸ್ಟರ್ ಮೂಲಕ ಇದರ ಹೆಚ್ಚಿನ ಪಾಲು ನೇರ ಮುಂದಿನ ಹಂತಕ್ಕೆ ಹೋಗುತ್ತದೆ. ಮೇಲಿನಿಂದ ಆರ್‌ಐಎಎ ಈಕ್ವಲೈಜೇಶನ್ ಬೇರೆ, ಅಂದರೆ ರೆಕಾರ್ಡ್ ಮಾಡುವಾಗ ತಗ್ಗಿಸಿದ ಬಾಸನ್ನು ವಾಪಸ್ ಏರಿಸುವುದು. 1000 ಹರ್ಟ್ಸ್‌ಗೆ ಹೋಲಿಸಿದರೆ 100 ಹರ್ಟ್ಸ್ ಹತ್ತಿರ ಅದು ನಾಲ್ಕೂವರೆ ಪಟ್ಟು ಜಾಸ್ತಿ ಹಿಗ್ಗಿಸುತ್ತದೆ. ಈ ಪ್ರೀಆಂಪಿನಲ್ಲಿ ಅದಕ್ಕಾಗಿ ಬಾಸ್‌ನಲ್ಲಿ ಫೀಡ್‌ಬ್ಯಾಕ್ ಕಮ್ಮಿ ಮಾಡಿರುತ್ತಾರೆ. ಹಾಗಾಗಿ ರಿಪಲ್ ತಡೆಯುವ ಶಕ್ತಿ ಬೇಕಾದ ಜಾಗದಲ್ಲೇ ಅದು ಕಮ್ಮಿ.

ದೊಡ್ಡ ಕೆಪಾಸಿಟರ್ ಹಾಕಿದರೆ ಆಗದಾ? ಅದೇ ಲೆಕ್ಕದಲ್ಲಿ ರಿಪಲನ್ನು 0.1 ಮಿಲಿವೋಲ್ಟಿಗೆ ಇಳಿಸಲು 2 ಫ್ಯಾರಡ್ ಬೇಕು. ರೆಸಿಸ್ಟರ್ ಮತ್ತು ಕೆಪಾಸಿಟರಿನ ಫಿಲ್ಟರ್ ಹಾಕೋಣ ಅಂದರೆ, 1 ಕಿಲೊಓಮ್ ರೆಸಿಸ್ಟರಿನಲ್ಲಿ 20 ಮಿಲಿಆಂಪ್ ಹೋದರೆ 20 ವೋಲ್ಟ್ ಅಲ್ಲೇ ಮುಗಿಯುತ್ತದೆ. ಪ್ರೀಆಂಪಿಗೆ ಉಳಿಯುವುದು 5 ವೋಲ್ಟ್.

ಇಲ್ಲೇ ಟ್ರಾನ್ಸಿಸ್ಟರ್ ಕೆಲಸಕ್ಕೆ ಬರುವುದು. ಫಿಲ್ಟರಿನ ರೆಸಿಸ್ಟರಿನಲ್ಲಿ ಲೋಡಿನ ಕರೆಂಟ್ ಹರಿಸಬೇಡಿ, ಬೇಸ್ ಕರೆಂಟ್ ಮಾತ್ರ ಹರಿಸಿ. ಗೇನ್ 100 ಇರುವ ಟ್ರಾನ್ಸಿಸ್ಟರಿಗೆ 20 ಮಿಲಿಆಂಪ್ ಕೊಡಲು ಬೇಸ್‌ನಲ್ಲಿ 0.2 ಮಿಲಿಆಂಪ್ ಸಾಕು. ಬೇಸ್ ಶುದ್ಧ ಇದ್ದರೆ ಎಮಿಟರ್ ಅದರ ಹಿಂದೆಯೇ, 0.65 ವೋಲ್ಟ್ ಕೆಳಗೆ, ಅಷ್ಟೇ ಶುದ್ಧವಾಗಿ ಇರುತ್ತದೆ. ಲೋಡಿಗೆ ಬೇಸ್‌ನ ಕೆಪಾಸಿಟರ್ ನೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಕೆಪಾಸಿಟನ್ಸ್ ಮಲ್ಟಿಪ್ಲೈಯರ್ ಅನ್ನುವುದು ಅದಕ್ಕೇ.

ನಾನು ಕಟ್ಟಿದ್ದು ಹೀಗೆ. 1000 ಮೈಕ್ರೊಫ್ಯಾರಡಿನ ಪ್ಲಸ್‌ನಿಂದ ಬಿಡಿ139ರ ಕಲೆಕ್ಟರಿಗೆ ಒಂದು ತಂತಿ. ಅದೇ ಪ್ಲಸ್‌ನಿಂದ 1 ಕಿಲೊಓಮ್, ಅದರ ತುದಿಯಿಂದ ಗ್ರೌಂಡಿಗೆ 220 ಮೈಕ್ರೊಫ್ಯಾರಡ್. ಅಲ್ಲಿಂದ ಇನ್ನೊಂದು 1 ಕಿಲೊಓಮ್, ಅದರ ತುದಿಯಿಂದ ಗ್ರೌಂಡಿಗೆ ಮತ್ತೊಂದು 220 ಮೈಕ್ರೊಫ್ಯಾರಡ್. ಈ ಎರಡನೇ ಕೆಪಾಸಿಟರಿಗೆ ಅಡ್ಡಲಾಗಿ 22 ಕಿಲೊಓಮ್. ಅಲ್ಲಿಂದ 100 ಓಮ್ ಮೂಲಕ ಬೇಸ್‌ಗೆ. ಎಮಿಟರಿನಿಂದ ಪ್ರೀಆಂಪಿಗೆ, ಜೊತೆಗೆ ಪ್ರೀಆಂಪ್ ಬೋರ್ಡಿನ ಮೇಲೆ 100 ಮೈಕ್ರೊಫ್ಯಾರಡ್. ಕೆಪಾಸಿಟರುಗಳೆಲ್ಲ 35 ವೋಲ್ಟಿನವು. ಬಿಡಿ139ರ ಅಕ್ಷರ ನಿಮ್ಮ ಕಡೆ ಇದ್ದಾಗ ಕಾಲುಗಳು ಎಡದಿಂದ ಎಮಿಟರ್, ಕಲೆಕ್ಟರ್, ಬೇಸ್. ಬಿಸಿ547 ಕಟ್ಟಿ ರೂಢಿಯಾದ ಕೈ ಇಲ್ಲಿ ಬೇಸ್ ನಡುವೆ ಇದೆ ಅಂದುಕೊಳ್ಳುತ್ತದೆ, ಸ್ವಲ್ಪ ನೋಡಿಕೊಳ್ಳಿ. ಹೀಟ್‌ಸಿಂಕ್ ಬೇಡ, ಸುಡುವುದು ಸುಮಾರು 60 ಮಿಲಿವ್ಯಾಟ್ ಅಷ್ಟೇ.

ಒಂದೇ ದೊಡ್ಡ ರೆಸಿಸ್ಟರ್, ಒಂದೇ ದೊಡ್ಡ ಕೆಪಾಸಿಟರ್ ಯಾಕಲ್ಲ? 2 ಕಿಲೊಓಮ್ ಮತ್ತು 440 ಮೈಕ್ರೊಫ್ಯಾರಡ್ ಒಟ್ಟಿಗೆ ಹಾಕಿದರೆ 100 ಹರ್ಟ್ಸ್ ರಿಪಲ್ ಸುಮಾರು 550 ಪಟ್ಟು ಇಳಿಯುತ್ತದೆ. ಅದನ್ನೇ ಎರಡು ಭಾಗ ಮಾಡಿದರೆ ಒಂದೊಂದೂ 138 ಪಟ್ಟು ಇಳಿಸುತ್ತದೆ, ಎರಡೂ ಸೇರಿ 19,000 ಪಟ್ಟು. ಸಾಮಾನು ಅಷ್ಟೇ, ಫಲ ಮೂವತ್ತು ಪಟ್ಟಿಗೂ ಜಾಸ್ತಿ. ಆದರೆ ಪೂರ್ತಿ 19,000 ಎಮಿಟರಿನಲ್ಲಿ ಸಿಗುವುದಿಲ್ಲ. ಕಲೆಕ್ಟರ್ ಅಲ್ಲಾಡಿದಾಗ ಟ್ರಾನ್ಸಿಸ್ಟರಿನೊಳಗೇ ಸ್ವಲ್ಪ ಎಮಿಟರಿಗೆ ದಾಟುತ್ತದೆ. ಕೆಲವು ಸಾವಿರ ಪಟ್ಟಿಗೆ ಅದು ನಿಲ್ಲುತ್ತದೆ. ಇಲ್ಲಿಗೆ ಅಷ್ಟು ಸಾಕು.

22 ಕಿಲೊಓಮ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಎಷ್ಟೋ ಚಿತ್ರಗಳಲ್ಲಿ ಇದು ಇರುವುದಿಲ್ಲ. ಇಲ್ಲದಿದ್ದರೆ ಬೇಸ್ ಹೆಚ್ಚೂಕಮ್ಮಿ ಕಲೆಕ್ಟರಿನ ಸರಾಸರಿಯ ಮಟ್ಟದಲ್ಲೇ ಇರುತ್ತದೆ. ಲೋಡ್ ಜಾಸ್ತಿಯಾಗಿ ರಿಪಲ್ ದೊಡ್ಡದಾದರೆ, ಅದರ ತಗ್ಗಿನಲ್ಲಿ ಕಲೆಕ್ಟರ್ ಬೇಸ್‌ಗಿಂತ ಕೆಳಗೆ ಇಳಿಯುತ್ತದೆ. ಆ ಗಳಿಗೆಯಲ್ಲಿ ಟ್ರಾನ್ಸಿಸ್ಟರ್ ಬರೀ ತಂತಿಯ ಹಾಗೆ, ರಿಪಲ್ ಒಳಗೆ ಬಂದುಬಿಡುತ್ತದೆ. 22 ಕಿಲೊಓಮ್ ಸುಮಾರು 1 ಮಿಲಿಆಂಪ್ ಕೆಳಗೆ ಎಳೆದು ಬೇಸನ್ನು 22.5 ವೋಲ್ಟಿನಲ್ಲಿ ಇಡುತ್ತದೆ. ಕಲೆಕ್ಟರಿಗೂ ಬೇಸ್‌ಗೂ ಎರಡೂವರೆ ವೋಲ್ಟ್ ಅಂತರ. ಎಮಿಟರಿನಲ್ಲಿ ನನಗೆ ಬೇಕಾದ ಹಾಗೆ 22 ವೋಲ್ಟಿನ ಹತ್ತಿರ ಸಿಗುತ್ತದೆ.

ನಮ್ಮ ಕಡೆ ಈ ಸರ್ಕ್ಯೂಟ್ ಒಗ್ಗುವುದಕ್ಕೂ ಇದೇ ಕಾರಣ. ಭಾವನ ಮನೆಯಲ್ಲಿ ಸಂಜೆ ವೋಲ್ಟೇಜ್ 190ಕ್ಕೆ ಇಳಿಯುತ್ತದೆ. ಆಗ 25 ವೋಲ್ಟ್ ಇದ್ದದ್ದು ಇಪ್ಪತ್ತೂವರೆ ಆಗುತ್ತದೆ. 18 ವೋಲ್ಟಿನ 7818 ರೆಗ್ಯುಲೇಟರ್ ಹಾಕಿದ್ದರೆ ಅದಕ್ಕೆ ಮೇಲೆ 2 ವೋಲ್ಟ್ ಬೇಕು, ಅಂದರೆ ಅಂಚಿನಲ್ಲಿ ನಿಂತಂತೆ. ಇನ್ನೂ ಸ್ವಲ್ಪ ಇಳಿದರೆ ರಿಪಲ್ ಸೀದಾ ದಾಟುತ್ತದೆ. ಮಲ್ಟಿಪ್ಲೈಯರಿನಲ್ಲಿ ಬೇಸ್ ಯಾವಾಗಲೂ ಮೇಲಿನ ವೋಲ್ಟೇಜಿನ ಇಂತಿಷ್ಟು ಪಾಲು. ಅದು ಇಳಿದರೆ ಇದೂ ಇಳಿಯುತ್ತದೆ, ನಡುವಿನ ಅಂತರ 2 ವೋಲ್ಟಿಗೂ ಮಿಕ್ಕಿ ಉಳಿಯುತ್ತದೆ. ಪ್ರೀಆಂಪಿಗೆ 22ರ ಬದಲು 18 ವೋಲ್ಟ್ ಬಂದರೆ ಏನೂ ತೊಂದರೆ ಇಲ್ಲ. ಅದಕ್ಕೆ ಬೇಕಾದದ್ದು ಸ್ಥಿರ ವೋಲ್ಟೇಜ್ ಅಲ್ಲ, ಸದ್ದಿಲ್ಲದ ವೋಲ್ಟೇಜ್.

ಆದರೆ ನಿಧಾನವಾಗಿ ಇಳಿಯುವುದು ಬೇರೆ, ಫಕ್ಕನೆ ಇಳಿಯುವುದು ಬೇರೆ. ತೋಟದ ಪಂಪ್ ಚಾಲೂ ಆದಾಗ ಅಲ್ಲಿ 230 ಇದ್ದದ್ದು ಒಮ್ಮೆಲೇ 200 ಆಗುತ್ತಿತ್ತು. ಅಂದರೆ ಕಲೆಕ್ಟರ್ 3 ವೋಲ್ಟಿಗೂ ಜಾಸ್ತಿ ಕುಸಿಯುತ್ತಿತ್ತು. ಬೇಸ್‌ನ ಕೆಪಾಸಿಟರುಗಳು ಅಷ್ಟು ಬೇಗ ಇಳಿಯಲಾರವು. ಅಂತರ ಮುಗಿದು ಒಂದು ಗಳಿಗೆ ಗುಂಯ್ ಕೇಳುತ್ತಿತ್ತು. 22 ತೆಗೆದು 15 ಕಿಲೊಓಮ್ ಹಾಕಿದೆ. ಅಂತರ 3.3 ವೋಲ್ಟ್ ಆಯಿತು, ಎಮಿಟರ್ 21ಕ್ಕೆ ಇಳಿಯಿತು, ಪಂಪಿನ ಗುಂಯ್ ಹೋಯಿತು. ಪಂಪ್ ಶುರುವಾದಾಗ ವೂಫರ್ ಕೋನ್ ನಿಧಾನ ಒಳಗೆ ಹೋಗಿ ಬರುವುದು ಮಾತ್ರ ಈಗಲೂ ಕಾಣುತ್ತದೆ. ಅದು ಹೋಗಬೇಕಾದರೆ ರೆಗ್ಯುಲೇಟರೇ ಬೇಕು.

ಇನ್ನು ಗ್ರೌಂಡ್. ಬೇರೆಯವರು ಕಟ್ಟಿ "ಏನೂ ಕಮ್ಮಿ ಆಗಲಿಲ್ಲ" ಅಂತ ನನ್ನ ಹತ್ತಿರ ತಂದ ಬೋರ್ಡುಗಳಲ್ಲಿ ತಪ್ಪು ಸಾಮಾನ್ಯವಾಗಿ ಇಲ್ಲೇ. ಬ್ರಿಡ್ಜ್ 1000 ಮೈಕ್ರೊಫ್ಯಾರಡನ್ನು ತುಂಬುವುದು ಸಣ್ಣ ಸಣ್ಣ ಗಳಿಗೆಗಳಲ್ಲಿ. ಸರಾಸರಿ 20 ಮಿಲಿಆಂಪ್ ಆದರೂ ಆ ಗಳಿಗೆಯಲ್ಲಿ ಅದರ ಹಲವು ಪಟ್ಟು ಹರಿಯುತ್ತದೆ. 200 ಮಿಲಿಆಂಪ್ ಅಂತಿಟ್ಟುಕೊಳ್ಳಿ. ಬ್ರಿಡ್ಜಿನ ಮೈನಸ್‌ಗೂ ಕೆಪಾಸಿಟರಿಗೂ ನಡುವಿನ ತಂತಿಯಲ್ಲಿ 0.05 ಓಮ್ ಇದ್ದರೂ ಅಲ್ಲಿ 10 ಮಿಲಿವೋಲ್ಟ್ ಏಳುತ್ತದೆ. 220 ಮೈಕ್ರೊಫ್ಯಾರಡಿನ ಕಾಲು ಆ ತಂತಿಗೆ ತಾಗಿದರೆ, ಕೆಪಾಸಿಟರ್ ಅದೇ 10 ಮಿಲಿವೋಲ್ಟನ್ನು ನಿಯತ್ತಿನಿಂದ ಬೇಸ್‌ಗೆ ಮುಟ್ಟಿಸುತ್ತದೆ. ಎಮಿಟರಿನಲ್ಲಿ ಪುನಃ 100 ಹರ್ಟ್ಸ್.

ಹಾಗಾಗಿ ಬ್ರಿಡ್ಜಿನ ಮೈನಸ್ ನೇರ 1000 ಮೈಕ್ರೊಫ್ಯಾರಡಿನ ಕಾಲಿಗೆ ಹೋಗಬೇಕು, ನಡುವಿನ ಆ ತಂತಿಗೆ ಬೇರೆ ಏನೂ ಸೇರಬಾರದು. ಆ ಕಾಲಿನಿಂದ ಒಂದೇ ತಂತಿ ಪ್ರೀಆಂಪಿನ ಗ್ರೌಂಡಿಗೆ. ಎರಡೂ 220 ಮೈಕ್ರೊಫ್ಯಾರಡ್ ಮತ್ತು ಕೆಳಗಿನ ರೆಸಿಸ್ಟರ್ ಈ ಪ್ರೀಆಂಪ್ ಗ್ರೌಂಡಿಗೇ ಸೇರಬೇಕು. ಭಾವನ ಬೋರ್ಡಿನಲ್ಲಿ ಎರಡನೇ 220 ಅನ್ನು ಪ್ರೀಆಂಪಿನ 100 ಮೈಕ್ರೊಫ್ಯಾರಡಿಗೆ ಅಂಟಿದಂತೆ ಕೂರಿಸಿ, ಎರಡರ ಮೈನಸ್ ಕಾಲನ್ನೂ ಒಂದೇ ತೂತಿನ ಸುತ್ತ ಬೆಸೆದಿದ್ದೇನೆ.

ಅಳೆಯುವಾಗ ಇನ್ನೊಂದು ವಿಷಯ. ಅಗ್ಗದ ಮಲ್ಟಿಮೀಟರಿನಲ್ಲಿ ಎಸಿಯ ಕನಿಷ್ಠ ರೇಂಜ್ 200 ವೋಲ್ಟ್ ಇರುತ್ತದೆ, ಅದರಲ್ಲಿ ಏನೂ ಕಾಣುವುದಿಲ್ಲ. ಎಸಿ ಮಿಲಿವೋಲ್ಟ್ ಇರುವ ಮೀಟರ್ ಬೇಕು. ಕಲೆಕ್ಟರಿನಲ್ಲಿ 60 ಮಿಲಿವೋಲ್ಟಿನ ಹತ್ತಿರ ತೋರಿಸುತ್ತದೆ. ತುದಿಯಿಂದ ತುದಿಗೆ 0.2 ವೋಲ್ಟಿನ ಗರಗಸದ ಅಲೆಗೆ ಅದು ಸರಿಯಾದ ಅಳತೆ. ಎಮಿಟರಿನಲ್ಲಿ ಸೊನ್ನೆ. ಆ ಸೊನ್ನೆಯಿಂದ ಜಾಸ್ತಿ ಏನೂ ತಿಳಿಯುವುದಿಲ್ಲ, ಅಲ್ಲಿಂದ ಮುಂದೆ ಕಿವಿಯೇ ಮೀಟರ್. ಇನ್‌ಪುಟ್ ಶಾರ್ಟ್ ಮಾಡಿ, ವಾಲ್ಯೂಮ್ ಏರಿಸಿ, ಬ್ಯಾಟರಿಯಲ್ಲಿ ಒಮ್ಮೆ, ಇದರಲ್ಲಿ ಒಮ್ಮೆ ಕೇಳಿ. ಎರಡೂ ಒಂದೇ ಥರ ಬರೀ ಸ್ಸ್ ಅಂದರೆ ಫಿಲ್ಟರಿನ ಕೆಲಸ ಮುಗಿಯಿತು.

ಸ್ವಿಚ್ ಹಾಕಿದ ಮೇಲೆ ವೋಲ್ಟೇಜ್ ಏರಲು ಒಂದೆರಡು ಸೆಕೆಂಡ್ ಹಿಡಿಯುತ್ತದೆ. ಕೆಟ್ಟಿದೆ ಅಂದುಕೊಳ್ಳಬೇಡಿ. ಆಮೇಲೆ, ಇದಕ್ಕೆ ಶಾರ್ಟ್‌ನಿಂದ ರಕ್ಷಣೆ ಇಲ್ಲ. ಎಮಿಟರ್ ಗ್ರೌಂಡಿಗೆ ತಾಗಿದರೆ 1000 ಮೈಕ್ರೊಫ್ಯಾರಡಿನ ಅಷ್ಟೂ ಚಾರ್ಜ್ ಟ್ರಾನ್ಸಿಸ್ಟರಿನ ಮೂಲಕವೇ ಖಾಲಿಯಾಗುತ್ತದೆ. ಪ್ರೀಆಂಪಿನ ಕಡೆ ಬೆಸುಗೆ ಹಾಕುವ ಮೊದಲು ಪ್ಲಗ್ ಕಿತ್ತು, ಮೀಟರಿನಲ್ಲಿ 1 ವೋಲ್ಟಿಗಿಂತ ಕೆಳಗೆ ಬರುವವರೆಗೆ ಕಾಯಿರಿ.