ಪ್ಯಾಡ್ ಮೊದಲು, ಎಣಿಕೆ ಆಮೇಲೆ: ಮಕ್ಕಳ ಮೊಣಕೈ ಎಕ್ಸ್‌ರೇ ಓದುವ ನನ್ನ ಅನುಭವ

ಮಗುವಿನ ಮೊಣಕೈಗೆ ಪೆಟ್ಟಾಗಿ ಬಂದರೆ ಎರಡೂ ಕೈಗಳ ಎಕ್ಸ್‌ರೇ ತೆಗೆದು ಪಕ್ಕಪಕ್ಕ ಇಟ್ಟು ನೋಡುವುದು ನಮ್ಮಲ್ಲಿ ಹಳೆಯ ರೂಢಿ. ಅದನ್ನು ನಾನು ನಿಲ್ಲಿಸಿದಾಗ "ಕಂಪೇರಿಸನ್ ಇಲ್ಲದೆ ಪೀಡಿಯಾಟ್ರಿಕ್ ಎಲ್ಬೋ ರಿಪೋರ್ಟ್ ಮಾಡ್ತೀರಾ ಸಾರ್?" ಎಂದು ಮೂಗು ಮುರಿದವರೇ ಹೆಚ್ಚು. ಈಗ ಅವರೇ ಫಿಲ್ಮ್ ಕಳಿಸಿ "ಎಣಿಸಿ ಹೇಳಿ" ಅನ್ನುತ್ತಾರೆ. ಇನ್ನೊಂದು ಕೈಗೆ ಎರಡು ವ್ಯೂ ಅಂದರೆ ಮುನ್ನೂರು ನಾನೂರು ರೂಪಾಯಿ ಹೆಚ್ಚು, ಜೊತೆಗೆ ಅಷ್ಟು ಎಕ್ಸ್‌ಪೋಷರ್. ಅಲ್ಲೂ ಅನುಮಾನ ಉಳಿದರೆ ಎಂಆರ್‌ಐ. ಅದು ಆರೇಳು ಸಾವಿರ, ಚಿಕ್ಕ ಮಗುವಾದರೆ ಮತ್ತು ಬರಿಸುವ ಖರ್ಚು ಬೇರೆ. ಒಂದೇ ಕೈಯನ್ನು ಕ್ರಮವಾಗಿ ಓದಿದರೆ ಇದರಲ್ಲಿ ಬಹುಪಾಲು ಉಳಿತಾಯವಾಗುತ್ತದೆ.

ನನ್ನ ಕ್ರಮ ಇಷ್ಟೇ. ಮೊದಲು ಲ್ಯಾಟರಲ್‌ನಲ್ಲಿ, ಅಂದರೆ ಪಕ್ಕದಿಂದ ತೆಗೆದ ಫಿಲ್ಮ್‌ನಲ್ಲಿ, ಕೀಲಿನ ಕೊಬ್ಬಿನ ಪದರವಾದ ಫ್ಯಾಟ್ ಪ್ಯಾಡ್. ಆಮೇಲೆ ಎದುರಿನಿಂದ ತೆಗೆದ ಎಪಿಯಲ್ಲಿ, ಬೆಳೆಯುವ ಮೂಳೆ ಗಟ್ಟಿಯಾಗತೊಡಗುವ ಕೇಂದ್ರಗಳ ಎಣಿಕೆ. ಮುರಿತ ಹುಡುಕುವುದು ಕೊನೆಗೆ. ಪ್ಯಾಡ್ ಮಾತಾಡದ ಕಡೆ ಎಣಿಕೆ ಮಾತಾಡುತ್ತದೆ, ಎಣಿಕೆ ಸರಿಯಿದ್ದ ಕಡೆ ಪ್ಯಾಡ್ ಹೇಳುತ್ತದೆ. ಒಂದನ್ನೇ ನಂಬಿದವರು ಕೆಟ್ಟಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಲ್ಯಾಟರಲ್ ಸರಿಯಿಲ್ಲದಿದ್ದರೆ ಪ್ಯಾಡ್ ಬಗ್ಗೆ ಬಾಯಿ ಬಿಡಬೇಡಿ. ಮೊಣಕೈ 90 ಡಿಗ್ರಿ ಮಡಿಚಿರಬೇಕು, ಹೆಬ್ಬೆರಳು ಮೇಲಿರಬೇಕು, ಭುಜ ಮೊಣಕೈಯ ಮಟ್ಟಕ್ಕೆ ಇಳಿದಿರಬೇಕು. ತೋಳಿನ ಮೂಳೆ ಹ್ಯೂಮರಸ್‌ನ ಕೆಳತುದಿಯಲ್ಲಿ ಎಂಟರ ಅಂಕಿಯಂಥ ಆಕಾರ ಸ್ಪಷ್ಟವಾಗಿ ಮೂಡಿದರೆ ಪೊಸಿಷನ್ ಸರಿಯಾಗಿದೆ. ಕೈ ಚಾಚಿಕೊಂಡೇ ತೆಗೆದರೆ ಮೊಣಕೈಯ ಹಿಂತುದಿಯಾದ ಓಲೆಕ್ರಾನನ್ ತನ್ನ ಗುಳಿಯೊಳಗೆ ಹೊಕ್ಕು ಅಲ್ಲಿನ ಕೊಬ್ಬನ್ನು ಹೊರಗೆ ತಳ್ಳುತ್ತದೆ. ಆಗ ಏನೂ ಆಗದ ಮೊಣಕೈಯಲ್ಲೂ ಹಿಂದಿನ ಪ್ಯಾಡ್ ಎದ್ದಂತೆ ಕಾಣುತ್ತದೆ. ಸುಳ್ಳು ಪಾಸಿಟಿವ್‌ಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಬರುತ್ತವೆ. ಅಳುವ ಮಗುವಿನ ಭುಜ ಇಳಿಸಲು ನಮ್ಮ ಟೆಕ್ನಿಷಿಯನ್ ಹೂಡುವ ಉಪಾಯ ಅವರದೇ ಬಂಡವಾಳ, ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಅರ್ಧ ಮಕ್ಕಳು ನಾಟಿ ಕಟ್ಟು ಹಾಕಿಸಿಕೊಂಡೇ ಬರುತ್ತವೆ. ಸೊಪ್ಪಿನ ಲೇಪ, ಮೊಟ್ಟೆ, ಬಿದಿರು ಪಟ್ಟಿ, ಬಟ್ಟೆಯ ಮಡಿಕೆ ಎಲ್ಲ ಸೇರಿ ಫಿಲ್ಮ್ ಮೇಲೆ ಮಚ್ಚೆಮಚ್ಚೆ ನೆರಳು ಬೀಳುತ್ತದೆ. ಮೂಳೆ ಹೇಗೋ ಕಾಣುತ್ತದೆ, ಕೊಬ್ಬಿನ ತೆಳು ಗೆರೆ ಮಾತ್ರ ಮುಳುಗಿಹೋಗುತ್ತದೆ. ಮನೆಯವರನ್ನೂ ಕಳಿಸಿದ ಡಾಕ್ಟರನ್ನೂ ಕೇಳಿ, ಕಟ್ಟು ಬಿಚ್ಚಿ, ಲೇಪ ಒರೆಸಿಯೇ ತೆಗೆಯಿರಿ.

ಡಿಆರ್, ಅಂದರೆ ಡಿಜಿಟಲ್ ಎಕ್ಸ್‌ರೇ, ಬಂದ ಮೇಲೆ ಶುರುವಾದ ತಾಪತ್ರಯ ಬೇರೆ. 50-55 ಕೆವಿಪಿ, 2-3 ಎಂಎಎಸ್, ಗ್ರಿಡ್ ಇಲ್ಲ, ಅಲ್ಲಿಗೆ ಎಲ್ಲ ಸರಿ. ಆದರೆ ಮೂಳೆಗೆಂದು ಇಟ್ಟ ಪ್ರೋಸೆಸಿಂಗ್ ಅಂಚುಗಳನ್ನು ಎಷ್ಟು ತಿದ್ದುತ್ತದೆಂದರೆ, ಕೊಬ್ಬೂ ಸ್ನಾಯುವೂ ಒಂದೇ ಬೂದಿ ಬಣ್ಣವಾಗುತ್ತವೆ. ಅದೇ ಇಮೇಜನ್ನು ಸಾಫ್ಟ್ ಟಿಶ್ಯೂ ಸೆಟ್ಟಿಂಗ್‌ನಲ್ಲಿ ಇನ್ನೊಮ್ಮೆ ತೆಗೆದು ನೋಡಿ. ಮರು ಎಕ್ಸ್‌ಪೋಷರ್ ಬೇಡ, ಖರ್ಚೂ ಇಲ್ಲ. ಪ್ರಿಂಟ್ ಆದ ಫಿಲ್ಮ್ ಮೇಲೆ ಪ್ಯಾಡ್ ಇಲ್ಲ ಅಂದವರಿಗೆ ಮಾನಿಟರ್ ಮೇಲೆ ತೋರಿಸಿ ಸುಮ್ಮನಾಗಿಸಿದ್ದೇನೆ.

ಮುಂದಿನ ಪ್ಯಾಡ್ ತೆಳುವಾಗಿ ಮೂಳೆಗೆ ಅಂಟಿಕೊಂಡಿದ್ದರೆ ಅದು ಸಹಜ. ಹಾಯಿಯಂತೆ ಉಬ್ಬಿ ಮುಂದಕ್ಕೆ ಬಂದರೆ ಕೀಲಿನೊಳಗೆ ದ್ರವ ತುಂಬಿದೆ. ಸರಿಯಾದ ಲ್ಯಾಟರಲ್‌ನಲ್ಲಿ ಹಿಂದಿನ ಪ್ಯಾಡ್ ಕಾಣಲೇಬಾರದು. ಪೆಟ್ಟಾದ ಮಗುವಿನಲ್ಲಿ ಅದು ಕಂಡು ಮುರಿತದ ಗೆರೆ ಕಾಣದಿದ್ದರೂ "ನಾರ್ಮಲ್" ಎಂದು ನಾನು ಬರೆಯುವುದಿಲ್ಲ. 1999ರಲ್ಲಿ ಬಂದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಇಂಥ ಮಕ್ಕಳ ಪೈಕಿ ಮುಕ್ಕಾಲು ಪಾಲಿಗೆ ಆಮೇಲೆ ಮುರಿತದ ಗುರುತು ಸಿಕ್ಕಿತು. ಸ್ಲ್ಯಾಬ್ ಹಾಕಿಸಿ, ಎರಡು ಮೂರು ವಾರಕ್ಕೆ ಮತ್ತೊಂದು ಎಕ್ಸ್‌ರೇ ತೆಗೆದರೆ ಮೂಳೆಯ ಹೊರಪೊರೆ ಪೆರಿಯೋಸ್ಟಿಯಂ ತಾನೇ ಬಾಯಿಬಿಡುತ್ತದೆ.

ಪಕ್ಕದಲ್ಲಿ ಒಂದು ಪ್ರಯೋಗವನ್ನೂ ಮಾಡಿ ನೋಡಿದೆ. ಲ್ಯಾಟರಲ್ ಸಿಗದ ಮಕ್ಕಳಿಗೆ ಅಲ್ಟ್ರಾಸೌಂಡ್‌ನ ಲೀನಿಯರ್ ಪ್ರೋಬ್ ಹಿಡಿದು, ಮಡಿಚಿದ ಮೊಣಕೈಯ ಹಿಂಭಾಗದಲ್ಲಿ ಉದ್ದಕ್ಕೆ ಇಟ್ಟರೆ ಓಲೆಕ್ರಾನನ್ ಗುಳಿಯ ಕೊಬ್ಬು ಮೇಲೆದ್ದಿದೆಯೋ ಇಲ್ಲವೋ ಚೆನ್ನಾಗಿ ಕಾಣುತ್ತದೆ. ಜೆಲ್ ಧಾರಾಳವಾಗಿ ಸುರಿಯಿರಿ, ಒತ್ತಬೇಡಿ. ಒತ್ತಿದರೆ ಮಗು ಕಿರುಚುವುದಷ್ಟೇ ಅಲ್ಲ, ದ್ರವವೂ ಪಕ್ಕಕ್ಕೆ ಸರಿಯುತ್ತದೆ.

ಇನ್ನು ಎಣಿಕೆ. ಕೇಂದ್ರಗಳು ಮೂಡುವ ಅನುಕ್ರಮ ಹೀಗೆ: ಕ್ಯಾಪಿಟೆಲ್ಲಮ್, ರೇಡಿಯಲ್ ಹೆಡ್, ಮೀಡಿಯಲ್ ಎಪಿಕಾಂಡೈಲ್, ಟ್ರೋಕ್ಲಿಯಾ, ಓಲೆಕ್ರಾನನ್, ಲ್ಯಾಟರಲ್ ಎಪಿಕಾಂಡೈಲ್. 1, 3, 5, 7, 9, 11 ವರ್ಷ ಎಂದು ಬಾಯಿಪಾಠ ಮಾಡಿಸುತ್ತಾರೆ. ವಯಸ್ಸನ್ನು ನಾನು ಹೆಚ್ಚು ನೆಚ್ಚುವುದಿಲ್ಲ. ಹೆಣ್ಣುಮಕ್ಕಳಲ್ಲಿ ಒಂದೆರಡು ವರ್ಷ ಮುಂಚೆಯೇ ಬರುತ್ತವೆ, ಗಂಡುಮಕ್ಕಳಲ್ಲೂ ಹಿಂದುಮುಂದಾಗುತ್ತದೆ. ಗಟ್ಟಿಯಾಗಿ ಹಿಡಿಯಬೇಕಾದದ್ದು ಅನುಕ್ರಮವನ್ನು, ಅದರಲ್ಲೂ ಒಂದೇ ಒಂದು ಕೊಂಡಿಯನ್ನು: ಮೀಡಿಯಲ್ ಎಪಿಕಾಂಡೈಲ್ ಇಲ್ಲದೆ ಟ್ರೋಕ್ಲಿಯಾ ಕಂಡರೆ, ಅದು ಟ್ರೋಕ್ಲಿಯಾ ಅಲ್ಲ ಎಂದುಕೊಂಡೇ ಮುಂದಕ್ಕೆ ಹೋಗಿ.

ಒಂದು ಕೇಸ್ ಹೇಳುತ್ತೇನೆ. ಎಂಟು ಒಂಬತ್ತು ವರ್ಷದ ಹುಡುಗ, ಮರದಿಂದ ಬಿದ್ದು ಮೊಣಕೈ ಕೀಲು ತಪ್ಪಿತ್ತು. ಊರಲ್ಲೇ ಯಾರೋ ಎಳೆದು ಕೂರಿಸಿದ್ದರು. ಎಕ್ಸ್‌ರೇಯಲ್ಲಿ ಕೀಲು ತನ್ನ ಜಾಗದಲ್ಲೇ ಇತ್ತು. ಮುಂದಿನ ಪ್ಯಾಡ್ ಏಳಲಿಲ್ಲ, ಹಿಂದಿನದು ಕಾಣಲಿಲ್ಲ. ಹೊರಗಿನ ರಿಪೋರ್ಟ್‌ನಲ್ಲಿ "ಮುರಿತವಿಲ್ಲ, ಟ್ರೋಕ್ಲಿಯಾ ಕೇಂದ್ರ ಸಹಜ" ಎಂದಿತ್ತು. ಪ್ಯಾಡ್ ಏಳದ್ದಕ್ಕೆ ಕಾರಣವಿದೆ. ಅದು ಏಳಬೇಕಾದರೆ ಕೀಲನ್ನು ಸುತ್ತಿರುವ ಕ್ಯಾಪ್ಸುಲ್ ಹರಿಯದೆ ಇರಬೇಕು. ಡಿಸ್‌ಲೊಕೇಷನ್‌ನಲ್ಲಿ ಕ್ಯಾಪ್ಸುಲ್ ಕಿತ್ತು ರಕ್ತ ಹೊರಗೆ ಸೋರುತ್ತದೆ, ಒಳಗೆ ಒತ್ತಡವೇ ಉಳಿಯುವುದಿಲ್ಲ. ಇಂಥಲ್ಲಿ ಪ್ಯಾಡ್ ಇಲ್ಲ ಎಂಬುದು ಸಮಾಧಾನದ ಸುದ್ದಿಯಲ್ಲ.

ಎಣಿಸಿದೆವು. ಕ್ಯಾಪಿಟೆಲ್ಲಮ್ ಇದೆ, ರೇಡಿಯಲ್ ಹೆಡ್ ಇದೆ. ಮೀಡಿಯಲ್ ಎಪಿಕಾಂಡೈಲ್ ಇರಬೇಕಾದ ಜಾಗ ಖಾಲಿ, ಅದರ ಪಕ್ಕ ಮಾಂಸ ಊದಿದೆ. ಟ್ರೋಕ್ಲಿಯಾ ಜಾಗದಲ್ಲಿ ಮಾತ್ರ ಒಂದು ತುಣುಕು. ನಿಜವಾದ ಟ್ರೋಕ್ಲಿಯಾ ಶುರುವಿನಲ್ಲಿ ಅಂಕುಡೊಂಕಾಗಿ, ಎರಡು ಮೂರು ಚೂರಾಗಿ ಕಾಣುತ್ತದೆ. ಇದು ನುಣ್ಣಗೆ, ಒಂದೇ ಗುಂಡಗೆ ಇತ್ತು. ಎಪಿಯಲ್ಲಿ ಒಳಬದಿಯ ಕೀಲಿನ ಸಂದು ಸ್ವಲ್ಪ ಅಗಲ. ಲ್ಯಾಟರಲ್‌ನಲ್ಲಿ ತುಣುಕು ಅಲ್ನಾ ಮತ್ತು ಹ್ಯೂಮರಸ್ ನಡುವಿನ ಸಂದಿಗೇ ಬಿದ್ದಿತ್ತು. ಕಂಪೇರಿಸನ್ ಬೇಕಾಗುವುದು ಇಲ್ಲಿ, ಇಂಥದ್ದಕ್ಕೆ ಮಾತ್ರ. ಇನ್ನೊಂದು ಕೈಯ ಒಂದೇ ಎಪಿ ತೆಗೆಸಿದೆವು. ಎಪಿಕಾಂಡೈಲ್ ತನ್ನ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಅಂದರೆ ಪೆಟ್ಟಾದ ಕೈಯಲ್ಲಿ ಅದು ಸ್ನಾಯುವಿನ ಸಮೇತ ಕಿತ್ತು ಕೀಲಿನೊಳಗೆ ಸಿಕ್ಕಿಕೊಂಡಿದೆ. ಆರ್ಥೋದವರು ತೆರೆದು ಹೊರತೆಗೆದು ಸ್ಕ್ರೂ ಹಾಕಿದರು. ಹತ್ತಿರವೇ ಹಾಯುವ ಅಲ್ನರ್ ನರದ ಬಗ್ಗೆ ಮೊದಲೇ ಎಚ್ಚರಿಸಿದ್ದೆವು, ಕಿರುಬೆರಳಿನ ಸ್ಪರ್ಶ ಪರೀಕ್ಷಿಸಿಯೇ ಟೇಬಲ್‌ಗೆ ತೆಗೆದುಕೊಂಡರು.

ಡಿಸ್‌ಲೊಕೇಷನ್ ಕೂರಿಸಿದ ಮೇಲಿನ ಎಕ್ಸ್‌ರೇ ಬಂದರೆ ಇದೇ ಕೊಂಡಿಯನ್ನು ಮೊದಲು ಎಳೆದು ನೋಡಿ. ಟ್ರೋಕ್ಲಿಯಾ ನಿಜವಾಗಿಯೂ ಮೂಡಿರುವ ದೊಡ್ಡ ಮಕ್ಕಳಲ್ಲಿ ಅದೂ ಕಿತ್ತ ತುಣುಕೂ ಒಟ್ಟಿಗೆ ಇರಬಹುದು. ಆಗ ತುಣುಕಿದೆಯೋ ಇಲ್ಲವೋ ಎಂದು ನೋಡುತ್ತ ಕೂರಬೇಡಿ, ಎಪಿಕಾಂಡೈಲ್ ಜಾಗ ಖಾಲಿಯಿದೆಯೇ ಎಂದು ನೋಡಿ. ಹನ್ನೊಂದರ ಆಸುಪಾಸಿನವರಲ್ಲಿ ಲ್ಯಾಟರಲ್ ಎಪಿಕಾಂಡೈಲ್ ತೆಳು ಸೀಳಿನಂತೆ ಮೂಳೆಯಿಂದ ಬೇರೆಯಾಗಿಯೇ ಕಾಣುತ್ತದೆ. ಅದು ಸಹಜ. ಅದನ್ನು ಕಿತ್ತ ಚೂರು ಎಂದು ಬರೆದು ಹುಡುಗನಿಗೆ ಪ್ಲಾಸ್ಟರ್ ಹಾಕಿಸಿದವರಿದ್ದಾರೆ.

ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ ಈ ಎಣಿಕೆ ಹೆಚ್ಚು ದೂರ ಹೋಗುವುದಿಲ್ಲ. ಎಪಿಕಾಂಡೈಲ್ ಇನ್ನೂ ಬರೀ ಕಾರ್ಟಿಲೇಜ್ ಆಗಿರುವಾಗ ಅದು ಕಿತ್ತರೂ ಫಿಲ್ಮ್ ಮೇಲೆ ಏನೂ ಮೂಡದು. ಅಲ್ಲಿ ಊತ ಒಳಬದಿಗಿದ್ದು, ಮಗು ಕೈ ಆಡಿಸದಿದ್ದರೆ ನಾನು ನೇರವಾಗಿ ಪ್ರೋಬ್ ಹಿಡಿಯುತ್ತೇನೆ.