ಮೂರನೇ ಬಾಣವನ್ನು ಎಳೆಯುತ್ತಿರುವವರು ಯಾರು?

ವರ್ತುಲ ಚಲನೆಯ ಪಾಠವನ್ನು ನಾನು ಯಾವಾಗಲೂ ಒಂದೇ ಲೆಕ್ಕದಿಂದ ಶುರು ಮಾಡುತ್ತೇನೆ. ಅರ್ಧ ಕಿಲೋ ಗುಂಡು, ಒಂದು ಮೀಟರ್ ದಾರ. ದಾರ ಬಿಗಿಯಾಗಿರುವಂತೆ ಗುಂಡನ್ನು 60 ಡಿಗ್ರಿ ಪಕ್ಕಕ್ಕೆ ಎತ್ತಿ ಬಿಡುತ್ತೇವೆ. ಅದು ತೂಗಿಕೊಂಡು ತೀರ ಕೆಳಗೆ ಬಂದ ಕ್ಷಣದಲ್ಲಿ ದಾರದ ಟೆನ್ಷನ್ ಎಷ್ಟು?

ಫ್ರೀ ಬಾಡಿ ಡಯಾಗ್ರಾಮ್ ಬರೆಯಿರಿ ಅಂದರೆ ಸುಮಾರು ಜನ ಮೂರು ಬಾಣ ಹಾಕುತ್ತಾರೆ. ಕೆಳಕ್ಕೆ mg, ಮೇಲಕ್ಕೆ T, ಮೇಲಕ್ಕೇ ಇನ್ನೊಂದು mv²/r. ಓದುವಾಗ ನಾನೂ ಹಾಗೇ ಬರೆಯುತ್ತಿದ್ದೆ. ಕೇಂದ್ರಾಭಿಮುಖ ಬಲ ಅಂತ ಹೆಸರೇ ಇದೆಯಲ್ಲ, ಅದಕ್ಕೂ ಒಂದು ಬಾಣ ಬೇಕು ಅನ್ನಿಸುವುದು ಸಹಜ.

ಆ ಚಿತ್ರವನ್ನು ನಂಬಿ ಲೆಕ್ಕ ಮುಂದುವರಿಸೋಣ.

T + mv²/r − mg = mv²/r

ಎರಡೂ ಕಡೆಯ mv²/r ಹೊಡೆದು ಹೋಗಿ T = mg ಉಳಿಯುತ್ತದೆ. g ಯನ್ನು 10 ಅಂತ ಹಿಡಿದರೆ 5 ನ್ಯೂಟನ್. ಅಂದರೆ ಗುಂಡು ಸುಮ್ನೆ ನೇತಾಡುತ್ತಿದ್ದರೂ ಅಷ್ಟೇ, ವೇಗವಾಗಿ ತೂಗಿ ಬಂದರೂ ಅಷ್ಟೇ!

"ಆ ಬಾಣ ಹಾಕಬೇಡಿ" ಅಂತ ಎಷ್ಟು ಹೇಳಿದರೂ ಮುಂದಿನ ಲೆಕ್ಕದಲ್ಲಿ ಅದು ಮತ್ತೆ ಬರುತ್ತಿತ್ತು. ಆಮೇಲೆ ದಾರದ ಮೇಲಿನ ತುದಿಗೆ ಸ್ಪ್ರಿಂಗ್ ತ್ರಾಸು ಕಟ್ಟಿ ತೋರಿಸತೊಡಗಿದೆ. ಗುಂಡು ಅಲುಗದೆ ನಿಂತಾಗ ಮುಳ್ಳು 5ರಲ್ಲಿ ಇರುತ್ತದೆ. ತೂಗಲು ಬಿಟ್ಟರೆ, ಕೆಳಗೆ ಬರುವಾಗ 10ರ ಆಸುಪಾಸಿಗೆ ಇಳಿಯುತ್ತದೆ. ಮುಳ್ಳು ಕುಣಿಯುವುದರಿಂದ ನಿಖರವಾಗಿ ಓದಲು ಆಗುವುದಿಲ್ಲ, ಫೋನಿನಲ್ಲಿ ನಿಧಾನಗತಿಯ ವಿಡಿಯೋ ತೆಗೆದರೆ ಅನುಕೂಲ. ಆದರೆ 5 ಅಂತೂ ಅಲ್ಲ, ಅದು ಎಲ್ಲರಿಗೂ ಕಾಣುತ್ತದೆ.

ಆಗ ಒಂದೊಂದೇ ಬಾಣವನ್ನು ತೋರಿಸಿ ಕೇಳುತ್ತೇನೆ: ಇದನ್ನು ಎಳೆಯುತ್ತಿರುವುದು ಯಾರು? mg ಗೆ ಭೂಮಿ. T ಗೆ ದಾರ. ಮೂರನೆಯದಕ್ಕೆ? "ವೃತ್ತ ಎಳೀತಿದೆ ಸರ್" ಅಂದಳು ಒಬ್ಬಳು. ವೃತ್ತ ಬರೀ ದಾರಿ, ಅದು ಎಳೆಯಲಾರದು ಅಲ್ವಾ? ಗುಂಡನ್ನು ಮುಟ್ಟಿರುವುದು ದಾರ ಒಂದೇ, ಮುಟ್ಟದೆ ಎಳೆಯುತ್ತಿರುವುದು ಭೂಮಿ ಒಂದೇ. ಈ ಎರಡೂ ಸೇರಿ ಕೇಂದ್ರದ ಕಡೆಗೆ ಎಷ್ಟು ಉಳಿಯುತ್ತದೋ, ಅದರ ಹೆಸರೇ ಕೇಂದ್ರಾಭಿಮುಖ ಬಲ. mv²/r ಇರಬೇಕಾದ ಜಾಗ ಸಮೀಕರಣದ ಆಚೆ ಬದಿ, ma ಇರುವಲ್ಲಿ.

T − mg = mv²/r

ಗುಂಡು ಇಳಿದ ಎತ್ತರ ಅರ್ಧ ಮೀಟರ್. ಹಾಗಾಗಿ v² = 2gh = 10, mv²/r = 5 ನ್ಯೂಟನ್. T = 10. ತ್ರಾಸು ಹೇಳಿದ್ದೂ ಇದನ್ನೇ.

ಕೆಲವರು ಆ ಬಾಣವನ್ನು ಹೊರಕ್ಕೆ, ಅಂದರೆ ಇಲ್ಲಿ ಕೆಳಕ್ಕೆ ಹಾಕಿ, ಬಲಗಳನ್ನು ಸರಿದೂಗಿಸಿ 10 ಅನ್ನೇ ತರುತ್ತಾರೆ. ನನಗೆ ಜಾಸ್ತಿ ಚಿಂತೆ ಇವರದ್ದೇ, ಉತ್ತರ ಸರಿ ಬಂದಿರುವುದರಿಂದ ತಪ್ಪು ಕಾಣುವುದಿಲ್ಲ. ಗುಂಡಿನ ಜೊತೆಗೇ ತಿರುಗುತ್ತಾ ನೋಡುವವನಿಗೆ ಆ ಲೆಕ್ಕ ಸರಿ. ನೆಲದ ಮೇಲೆ ನಿಂತು ನೋಡುವ ನಮಗೆ ಅಲ್ಲ. ಬಲಗಳು ನಿಜವಾಗಿ ಸರಿದೂಗಿದ್ದರೆ ಗುಂಡು ಬಾಗುತ್ತಲೇ ಇರಲಿಲ್ಲ, ನೇರ ಹೋಗುತ್ತಿತ್ತು.

ಈಗ ma ಬಾಣವನ್ನು ಚಿತ್ರದ ಪಕ್ಕದಲ್ಲಿ, ಗುಂಡಿಗೆ ತಾಗದಂತೆ ಜೋಡಿಗೆರೆಯಲ್ಲಿ ಬರೆಸುತ್ತೇನೆ. ಆಮೇಲೆ ಕೈ ಬಿಟ್ಟ ಕ್ಷಣದ ಟೆನ್ಷನ್ ಕೇಳುತ್ತೇನೆ. ಅಲ್ಲಿ v ಸೊನ್ನೆ, ಹಾಗಾಗಿ T = mg cos 60°, ಬರೀ 2.5 ನ್ಯೂಟನ್.